ಗುಡಿಯ ಮರಳು, ಅಪ್ಪನ ಪಾದ

ಅಪ್ಪನ ಉಡದಾರಕ್ಕೆ ಯಾವಾಗಲೂ ಒಂದು ಕಬ್ಬಿಣದ ಚಿಮಟ ತೂಗುತ್ತಿತ್ತು. ಕುರಿ ಕಾಯುವವರೆಲ್ಲರ ಬಳಿಯೂ ಅಂಥದ್ದೊಂದು ಇರುತ್ತದೆ. ಬಳ್ಳಾರಿ ಜಾಲಿ ಬೆಳೆದ ನೆಲದಲ್ಲಿ ಬರಿಗಾಲಲ್ಲಿ ತಿರುಗುವವರಿಗೆ ಅದಿಲ್ಲದೆ ನಡೆಯುವುದಿಲ್ಲ. ಆದರೆ ಅಪ್ಪನ ಚಿಮಟಕ್ಕೆ ಊರಲ್ಲಿ ಬೇರೆಯೇ ಮರ್ಯಾದೆ ಇತ್ತು. ಭಾನುವಾರ ಬೀರಪ್ಪನ ಪೂಜೆ ಮುಗಿದ ಮೇಲೆ ಅವನು ಗುಡಿಯ ಕಂಬಕ್ಕೆ ಒರಗಿ ಕೂತರೆ, ಒಬ್ಬರಾದ ಮೇಲೆ ಒಬ್ಬರು ಬಂದು ಕಾಲು ಚಾಚುತ್ತಿದ್ದರು. ಸೂಜಿಯಿಂದ ಚರ್ಮ ಬಿಡಿಸಿ, ಚಿಮಟದಿಂದ ಮುಳ್ಳನ್ನು ಎಳೆದು, ಆ ಜಾಗಕ್ಕೆ ದೇವರ ಭಂಡಾರದ ಅರಿಶಿನ ಒತ್ತಿ ಕಳಿಸುತ್ತಿದ್ದ. ನೋವೇ ಆಗಲಿಲ್ಲ ಎಂದು ಹೊಗಳಿಸಿಕೊಳ್ಳುವುದೆಂದರೆ ಅವನಿಗೆ ಬಲು ಇಷ್ಟ. ನನಗೆ ಮಾತ್ರ ಸಿಟ್ಟು ಬರುತ್ತಿತ್ತು. ಮಕ್ತಲದಿಂದ ಬಸ್ಸು ಹಿಡಿದು ತವರಿಗೆ ಬಂದರೆ ಅಪ್ಪನ ತೊಡೆಯ ಮೇಲೆ ಯಾರದಾದರೂ ಕಾಲು ಇದ್ದೇ ಇರುತ್ತಿತ್ತು. ಮಗಳ ಜೊತೆ ಮಾತಾಡಲು ಅವನಿಗೆ ಪುರುಸೊತ್ತೇ ಇರುತ್ತಿರಲಿಲ್ಲ.

ನಾನು ತೆಲಂಗಾಣದ ಮಕ್ತಲದ ಕಡೆಯ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ತವರೂರು ಕೃಷ್ಣಾ ಹೊಳೆಯ ಹತ್ತಿರ, ಆಚೆ ದಡ ಹತ್ತಿದರೆ ರಾಯಚೂರಿನ ಸೀಮೆ. ಅಲ್ಲಿ ಅಣ್ಣ, ಅಣ್ಣನ ಹೆಂಡತಿ ವೈನಿ ಮತ್ತು ಅಪ್ಪ ಇದ್ದಾರೆ. ಅವ್ವ ತೀರಿಕೊಂಡು ಬಹಳ ವರ್ಷವಾಯಿತು. ಅಜ್ಜನ ನಂತರ ಬೀರಪ್ಪನ ಪೂಜಾರಿಕೆ ಅಪ್ಪನಿಗೆ ಬಂದಾಗ ಅವನು ಚಪ್ಪಲಿ ಬಿಟ್ಟ. ದೇವರ ಪೂಜಾರಿಯ ಪಾದಕ್ಕೂ ನೆಲಕ್ಕೂ ನಡುವೆ ಏನೂ ಇರಕೂಡದು ಎಂಬುದು ನಮ್ಮ ಮನೆತನದ ಕಟ್ಟಳೆ. ಗದ್ವಾಲದಲ್ಲಿ ನನ್ನ ಮದುವೆಯಾದಾಗ ಕಡುಬೇಸಿಗೆ. ಡಾಂಬರು ಕರಗುವ ಬಿಸಿಲಲ್ಲಿ ಅಪ್ಪ ಸ್ಟೇಷನ್ನಿನಿಂದ ಮದುವೆಮನೆಗೆ ಬರಿಗಾಲಲ್ಲಿ ನಡೆದು ಬಂದಿದ್ದ. ಬೀಗರು ಪಾಪ ಎಂದು ನೋಡಿದರೆ, ಅವನು ಮೀಸೆ ತಿರುವಿಕೊಂಡು ಕೂತಿದ್ದ.

ನಮ್ಮ ಗುಡಿಗೆ ಇನ್ನೊಂದು ಪದ್ಧತಿ ಇತ್ತು. ಹರಕೆ ತೀರಿದವರು ಹೊಳೆಯಿಂದ ಒಂದು ಉಡಿ ಮರಳು ತಂದು ಗುಡಿಯೊಳಗೆ ಸುರಿಯಬೇಕು. ಸುರಿದ ಮರಳನ್ನು ಯಾರೂ ಹೊರಗೆ ಹಾಕುವಂತಿಲ್ಲ. ಎಷ್ಟು ತಲೆಮಾರಿನಿಂದಲೋ ಸೇರುತ್ತ ಬಂದ ಆ ಮರಳಿನಲ್ಲಿ ಹೆಜ್ಜೆ ಇಟ್ಟರೆ ಬೆರಳುಗಳು ಮುಳುಗುತ್ತಿದ್ದವು. ತಗಡಿನ ಮಾಡಿನ ಕೆಳಗೆ ಮಳೆಯ ಹನಿ ಬೀಳದೆ ಅದು ಸದಾ ಒಣಗಿ, ಬೆಚ್ಚಗೆ ಇರುತ್ತಿತ್ತು. ಅಮಾವಾಸ್ಯೆಗೆ ಕುರಿಗಳನ್ನು ಅಲ್ಲೇ ನಿಲ್ಲಿಸುತ್ತಿದ್ದರು. ನಾಯಿಗಳು ಗುಂಡಿ ತೋಡಿಕೊಂಡು ಮಲಗುತ್ತಿದ್ದವು. ಮಧ್ಯಾಹ್ನದ ಹೊತ್ತು ಹೆಂಗಸರು ಸೆರಗು ಹಾಸಿ ಅಡ್ಡಾಗುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಆ ಮರಳಿಗೆ ಕಾಲಿಟ್ಟಾಗಿನ ಸುಖ ನನಗೆ ಈಗಲೂ ನೆನಪಿದೆ. ಆ ಸುಖವನ್ನು ನೆನೆದರೆ ಈಗ ಅಂಗಾಲು ತುರಿಸಿದಂತಾಗುತ್ತದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ನೆನಪಾದ ದಿನ ಗುಳಿಗೆ ನುಂಗುತ್ತಾನೆ, ಇಲ್ಲದಿದ್ದರೆ ಇಲ್ಲ. ಕೆಲವು ವರ್ಷಗಳಿಂದ ಅವನ ಪಾದಗಳು ಜೋಮು ಹಿಡಿದು, ಚುಚ್ಚಿದರೂ ತಿಳಿಯದಂತಾಗಿದ್ದವು. ಡಾಕ್ಟರಿಗೆ ತೋರಿಸೋಣ ಎಂದರೆ ನಗುತ್ತಿದ್ದ.

"ಬೀರಪ್ಪ ನನಗ ಮುಳ್ಳು ಹತ್ತದಂಗ ಮಾಡ್ಯಾನವ್ವ. ಅದನ್ನೂ ರೋಗ ಅಂತಿಯಲ್ಲ ನೀ."

"ಮುಳ್ಳು ಹತ್ತತೈತಿ ಅಪ್ಪಾ. ನಿನಗ ಗೊತ್ತಾಗವಲ್ದು, ಅಷ್ಟ," ಎಂದು ನಾನು ಹೇಳಿದರೆ, ಮೇಷ್ಟ್ರ ಮಾತು ಶಾಲೆಯಲ್ಲಿರಲಿ ಎಂದು ಬಾಯಿ ಮುಚ್ಚಿಸುತ್ತಿದ್ದ.

ಸಂಕ್ರಾಂತಿಗೆ ಅಣ್ಣ, ವೈನಿ ಗೋವೆಯ ಕಡೆಯಿಂದ ವಾಪಸು ಬಂದರು. ನಮ್ಮ ಕಡೆಯ ಎಷ್ಟೋ ಮಂದಿಯಂತೆ ಅವರೂ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಸಮುದ್ರದ ಹತ್ತಿರ ಮರಳಿನ ಮೇಲೆ ತಗಡಿನ ಶೆಡ್ಡು ಹಾಕಿಕೊಂಡು ಇದ್ದರಂತೆ. ಸುತ್ತ ಹಂದಿ, ನಾಯಿಗಳ ಓಡಾಟ. ಅಣ್ಣನ ಹಿಮ್ಮಡಿಯಲ್ಲಿ ಏನೋ ನೆಟ್ಟು ಒಂದೇ ಸಮನೆ ತುರಿಸುತ್ತಿತ್ತು. ಆ ಭಾನುವಾರ ನಾನೂ ಗುಡಿಯಲ್ಲಿದ್ದೆ. ಅಪ್ಪ ಮಗನ ಹಿಮ್ಮಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಚರ್ಮದ ನಡುವಿನ ಕಪ್ಪು ಚುಕ್ಕೆಯನ್ನು ನೋಡಿ ಮುರಿದ ಮುಳ್ಳಿನ ತುದಿ ಎಂದ. ಸೂಜಿ ಹಾಕಿ ಬಿಡಿಸಿದರೆ ಮುಳ್ಳು ಬರಲಿಲ್ಲ. ಬಟಾಣಿಗಿಂತ ಸಣ್ಣದೊಂದು ಬಿಳಿಯ ಗುಳ್ಳೆ ಹಿಚುಕಿಕೊಂಡು ಹೊರಬಂತು.

"ಕೀವು ಕಟ್ಟೇತಿ. ಹಳೇ ಮುಳ್ಳು," ಎಂದು ಅಪ್ಪ ಅದನ್ನು ಉಗುರಿನಿಂದ ಮರಳಿಗೆ ಚಿಮ್ಮಿದ. ಅಣ್ಣನ ಕಾಲಿನಿಂದ ಇನ್ನೂ ಒಂದೆರಡು ತೆಗೆದ, ವೈನಿಯ ಕಾಲಿನಿಂದಲೂ ತೆಗೆದ. ಎಲ್ಲವನ್ನೂ ಅಲ್ಲೇ ಚಿಮ್ಮಿದ. ಸೂಜಿಯನ್ನು ಧೋತರದ ತುದಿಗೆ ಒರೆಸಿ ಮುಂದಿನವರ ಕಾಲು ಹಿಡಿದ.

ಹೋಳಿಯ ಹೊತ್ತಿಗೆ ಊರಲ್ಲಿ ಮುಳ್ಳುಗಳು ಹೆಚ್ಚಾದವು. ಈ ವರ್ಷ ಜಾಲಿಗೆ ಹಲ್ಲು ಬಂದಾವ ಎಂದು ಜನ ತಮಾಷೆ ಮಾಡುತ್ತಿದ್ದರು. ಭಾನುವಾರದ ಗುಂಪು ದೊಡ್ಡದಾಯಿತು. ಹೊಲಕ್ಕೇ ಹೋಗದ ಮುದುಕಿಯರ ಉಗುರ ಸಂದಿಯಲ್ಲೂ ಕಪ್ಪು ಚುಕ್ಕೆ, ತೊಟ್ಟಿಲಿನಿಂದ ಆಗಷ್ಟೇ ಇಳಿದ ಕೂಸುಗಳ ಬೆರಳಲ್ಲೂ ಕಪ್ಪು ಚುಕ್ಕೆ. ಮುಳ್ಳು ಮನೆಯೊಳಗೆ ನಡೆದು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ತೆಗೆಯುವ ಕೈ ಊರಲ್ಲೇ ಇತ್ತಲ್ಲ. ಅಪ್ಪ ಹೊತ್ತು ಮುಳುಗುವವರೆಗೂ ಬೆನ್ನು ಬಗ್ಗಿಸಿ ಕೂತು ತೆಗೆದೇ ತೆಗೆದ.

ಯುಗಾದಿಗೆ ನಾನು ಊರಿಗೆ ಹೋದಾಗ ವೈನಿ ಹಿಮ್ಮಡಿ ಊರದೆ ಬೆರಳ ತುದಿಯಲ್ಲಿ ನಡೆದು ಬಂದು ಬಾಗಿಲು ತೆರೆದಳು. ಕೇಳಿದರೆ, ಮುಳ್ಳು ತೆಗೆದಲ್ಲಿ ಮತ್ತೆ ಮುಳ್ಳು ಏಳುತ್ತದೆ ಎಂದಳು. ನಾನು ಅಪ್ಪನಿಗೆ ನಮಸ್ಕಾರ ಮಾಡಲು ಬಗ್ಗಿದೆ. ಅವನ ಪಾದ ಯಾವತ್ತೂ ಹಳದಿಯೇ. ಕಾಲಿಗೆ ಬೀಳುವವರೆಲ್ಲ ಭಂಡಾರ ಹಾಕಿಯೇ ಬೀಳುವುದು. ಆವತ್ತು ಆ ಹಳದಿಯ ಅಡಿಯಿಂದ ಕೆಟ್ಟ ವಾಸನೆ ಬಂತು. ಸೆರಗಿನಿಂದ ಒರೆಸಿದೆ. ಬೆರಳುಗಳ ಸುತ್ತ, ಉಗುರಿನ ಅಡಿಯಲ್ಲಿ, ಅಂಗಾಲಿನ ಅಂಚಿನಲ್ಲಿ, ಎಲ್ಲೆಲ್ಲೂ ಬಿಳಿಯ ಗುಳ್ಳೆಗಳು ಒತ್ತೊತ್ತಾಗಿ ಎದ್ದಿದ್ದವು. ಒಂದೊಂದರ ನಡುವೆಯೂ ಕಪ್ಪು ಚುಕ್ಕೆ. ಕಿರುಬೆರಳು ಊದಿ, ಅರ್ಧ ನೀಲಿಗಟ್ಟಿ, ಕೀವು ಸೋರುತ್ತಿತ್ತು.

ಊರೆಲ್ಲ ಹಣೆ ಮುಟ್ಟಿಸಿದ ಪಾದ ಅದು. ಅದನ್ನು ಯಾರೂ ನೋಡಿರಲಿಲ್ಲ.

"ನೋವಾಗವಲ್ದಾ ಅಪ್ಪಾ?"

"ಏನು ನೋವು? ಮಂದಿ ತುರಸತೈತಿ ಅಂತ ಒದ್ದಾಡತಾರ. ನನಗೇನೂ ಇಲ್ಲ," ಎಂದ, ಹೆಮ್ಮೆಯಿಂದಲೇ.

ಊರಿನ ಇಂಜೆಕ್ಷನ್ ಡಾಕ್ಟರು ವೈನಿಯ ಕಾಲು ನೋಡಿ ಅದನ್ನು ಆಣಿ ಎಂದು ಹೇಳಿ ಮುಲಾಮು ಕೊಟ್ಟಿದ್ದರಂತೆ. ನಾನು ಆವತ್ತೇ ರಾಯಚೂರಿಗೆ ಹೋಗೋಣ ಎಂದೆ. ಅಪ್ಪ ಒಲ್ಲೆ ಎಂದ. ಹಬ್ಬದ ದಿನ ಪೂಜಾರಿ ಊರು ಬಿಡಬಾರದಂತೆ. ನನಗೆ ತಡೆಯಲಾಗಲಿಲ್ಲ. ಕಾಲು ಕೊಳೆತು ಬಿದ್ದ ಮೇಲೆ ಯಾವ ದೇವರ ಮುಂದೆ ನಿಂತು ಪೂಜೆ ಮಾಡುತ್ತಿ ಎಂದು ಬಾಯಿಗೆ ಬಂದಂತೆ ಅಂದುಬಿಟ್ಟೆ. ವೈನಿ ಅಳತೊಡಗಿದಳು. ಅಣ್ಣ ಹೋಗಿ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ.

ರಾಯಚೂರಿನ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಒಬ್ಬ ಹೆಣ್ಣುಮಗಳು. ಭೂತಗನ್ನಡಿ ಹಿಡಿದು ಅಪ್ಪನ ಪಾದವನ್ನು ಬಹಳ ಹೊತ್ತು ನೋಡಿದರು. ಈ ಸೀಮೆಯಲ್ಲಿ ಇದನ್ನು ತಾವು ನೋಡಿಲ್ಲ ಎಂದು ಹೇಳಿ, ಪುಸ್ತಕ ತೆರೆದು ನೋಡಿದರು. ಹಿರಿಯ ಡಾಕ್ಟರನ್ನೂ ಕರೆಸಿದರು. ಆಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು.

"ಇವು ಮುಳ್ಳಲ್ಲರಿ, ಆಣಿನೂ ಅಲ್ಲ. ಮರಳಾಗ ಇರೋ ಒಂದು ಜಾತಿ ಚಿಗಟ. ಕಣ್ಣಿಗೆ ಕಾಣೋದ ಕಷ್ಟ, ಅಷ್ಟು ಸಣ್ಣದು. ಎತ್ತರಕ್ಕ ಜಿಗ್ಯಾಕ ಬರೂದಿಲ್ಲ, ಅದಕ್ಕ ಕಾಲಿಗೇ ಹತ್ತತೈತಿ. ಹೆಣ್ಣು ಚರ್ಮದೊಳಗ ಹೊಕ್ಕು, ಅಲ್ಲೇ ಕುಂತು, ತತ್ತಿ ತುಂಬಿಕೊಂಡು ಉಬ್ಬತೈತಿ. ಈ ಕಪ್ಪು ಚುಕ್ಕಿ ಅದರ ಹಿಂಭಾಗರಿ. ಅಲ್ಲಿಂದ ಉಸಿರಾಡತೈತಿ, ಅಲ್ಲಿಂದನ ತತ್ತಿ ಹೊರಗ ಬಿಡತೈತಿ."

ಈಚೆಗೆ ಯಾರಾದರೂ ಕರಾವಳಿಯ ಕಡೆಯಿಂದ ಬಂದಿದ್ದರೇ ಎಂದು ಅವರು ಕೇಳಿದರು. ಅಣ್ಣ ತಲೆ ತಗ್ಗಿಸಿದ. ಆಗ ಅಪ್ಪ ಮೊದಲ ಸಲ ಬಾಯಿ ತೆರೆದ.

"ಡಾಕ್ಟರವ್ವಾ, ಆ ತತ್ತಿ ಎಲ್ಲಿ ಬೀಳತಾವ?"

"ನೆಲಕ್ಕರಿ. ಒಣ ಮರಳು, ಧೂಳು ಇದ್ದರ ಅಲ್ಲೇ ಮರಿ ಆಗಿ ಬೆಳಿತಾವ. ಮತ್ತ ಬರಿಗಾಲು ಬಂದರ ಹತ್ತತಾವ."

"ಸೂಜೀಲೆ ತೆಗೆದು ಒಗದರ?"

ಅವರಿಗೆ ಅಪ್ಪ ಯಾರು, ಏನು ಎಂದು ಗೊತ್ತಿರಲಿಲ್ಲ. ಸಹಜವಾಗಿ ಹೇಳಿದರು. "ಹಂಗ ಹಿಚುಕಿ ಒಗದರ ಒಳಗಿನ ತತ್ತಿ ಚೆಲ್ಲತಾವರಿ. ಅರ್ಧ ಒಳಗ ಉಳದರ ಗಾಯ ಕೀವು ಆಗತೈತಿ. ಅದೇ ಸೂಜಿ ಇನ್ನೊಬ್ಬರಿಗೆ ಹಾಕಿದರ ಅವರ ರಕ್ತದ ರೋಗ ಇವರಿಗೆ, ಇವರದು ಅವರಿಗೆ. ಧನುರ್ವಾಯು ಬಂದರ ಜೀವಕ್ಕೇ ಅಪಾಯ. ಯಾರೂ ಹಂಗ ತೆಗೀಬಾರದು."

ಅಪ್ಪ ಉಡದಾರದ ಚಿಮಟವನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಅದನ್ನು ನೋಡಿದ್ದು ನಾನೊಬ್ಬಳೇ ಇರಬೇಕು.

ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟರು. ಹೇನಿಗೆ ಹಚ್ಚುವಂಥ ಒಂದು ಸಿಲಿಕೋನ್ ಎಣ್ಣೆಯನ್ನು ಕಪ್ಪು ಚುಕ್ಕೆಗಳ ಮೇಲೆಲ್ಲ ಹನಿಹನಿಯಾಗಿ ಬಿಟ್ಟರು. ಅದು ಹುಳದ ಉಸಿರಿನ ದಾರಿ ಮುಚ್ಚಿ ಒಳಗೇ ಸಾಯಿಸುತ್ತದೆ, ಬಗೆಯುವುದು ಬೇಡ ಎಂದರು. ಉಗುರಿನ ಅಡಿಯಲ್ಲಿ ಕೀವಾಗಿದ್ದ ಒಂದೆರಡನ್ನು ಮಾತ್ರ ಹೊಸ ಸೂಜಿಯಿಂದ ಇಡಿಯಾಗಿ ತೆಗೆದು ಸ್ಪಿರಿಟ್ಟಿನ ಬಟ್ಟಲಿಗೆ ಹಾಕಿದರು. ಆದರೆ ಕಿರುಬೆರಳು ಉಳಿಯಲಿಲ್ಲ. ಸಕ್ಕರೆ ಏರಿದ ಕಾಲಲ್ಲಿ ಕೀವು ಎಲುಬಿಗೆ ಇಳಿದಿತ್ತು. ಅದನ್ನು ಕತ್ತರಿಸಬೇಕಾಯಿತು. ಬಿಡುಗಡೆ ಮಾಡುವಾಗ ಡಾಕ್ಟರು ಅಪ್ಪನಿಗೆ ಸುತ್ತಲೂ ಮುಚ್ಚುವ ಬೂಟು ಹಾಕಲೇಬೇಕು ಎಂದರು. ದಿನಾ ಸಬಕಾರದಿಂದ ಕಾಲು ತೊಳೆಯಬೇಕು, ಬೆಳಗು ಸಂಜೆ ಕೊಬ್ಬರಿ ಎಣ್ಣೆ ಹಚ್ಚಬೇಕು, ಕಣ್ಣಿಟ್ಟು ನೋಡಬೇಕು ಎಂದರು. ಆ ನೆಲ ಹಾಗೇ ಇದ್ದರೆ ಮುಂದಿನ ಸಲ ಬೆರಳಲ್ಲ, ಪಾದವೇ ಹೋಗಬಹುದು ಎಂದೂ ಹೇಳಿದರು.

ವಾಪಸು ಬರುವಾಗ ಹೊಳೆಯ ಸೇತುವೆ ದಾಟುತ್ತಿದ್ದಂತೆ ಅಪ್ಪ ಕಿಟಕಿಯಿಂದ ಕೆಳಗಿನ ಮರಳನ್ನೇ ನೋಡುತ್ತಿದ್ದ.

ಊರಲ್ಲಿ ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ಪೂಜಾರಿಯ ಬೆರಳು ಹೋಗಿದೆ ಎಂದರೆ ಬೀರಪ್ಪನಿಗೆ ಏನೋ ಸಿಟ್ಟು ಬಂದಿರಬೇಕು ಎಂದು ಜನ ಆಗಲೇ ತೀರ್ಮಾನಿಸಿದ್ದರು. ಇನ್ನಷ್ಟು ಮರಳು ಹಾಕಿಸಿದರೆ ಶಾಂತವಾಗುತ್ತಾನೆ ಎಂದು ಯಾರೋ ಹೇಳಿದ್ದರಂತೆ. ಭಾನುವಾರ ಹೆಂಗಸರು ಉಡಿ ತುಂಬ ಮರಳು ತಂದು ಗುಡಿಯ ಬಾಗಿಲಲ್ಲಿ ನಿಂತರು. ಅಣ್ಣ ಅಪ್ಪನನ್ನು ಎತ್ತಿಕೊಂಡು ಬಂದು ಹೊರಗೆ ಬೇವಿನ ಕಟ್ಟೆಯ ಮೇಲೆ ಕೂರಿಸಿದ. ವಾಡಿಕೆಯಂತೆ ಒಬ್ಬ ಮುದುಕ ಬಂದು, ಪಟ್ಟಿ ಕಟ್ಟಿದ ಪಾದವನ್ನು ನೋಡಿಯೂ, ತನ್ನ ಕಾಲು ಚಾಚಿದ.

ಅಪ್ಪ ಚಿಮಟಕ್ಕೆ ಕೈ ಹಾಕಲಿಲ್ಲ.

"ನಾ ಇನ್ನ ತೆಗೆಯೂದಿಲ್ಲ. ಇದು ಮುಳ್ಳಲ್ಲೋ ಮಾರಾಯ, ಹುಳ. ನನ್ನ ಮಗನ ಕಾಲಿಂದ ಬಂತು. ನಾ ತೆಗೆದು ತೆಗೆದು ದೇವರ ಮರಳಾಗ ಒಗದೆ. ಅಲ್ಲಿ ಹುಟ್ಟಿ ನಿಮಗ ಹತ್ತೇತಿ. ನಿಮ್ಮ ಮಕ್ಕಳಿಗೆ ಹತ್ತೇತಿ. ಬೀರಪ್ಪಗ ಯಾಕ ತಪ್ಪು ಹಚ್ಚತೀರಿ? ಈ ಕೈ ಮಾಡಿದ್ದು."

ಮುದುಕ ಕಾಲು ಹಿಂದಕ್ಕೆ ಎಳೆದುಕೊಂಡ. ಅಪ್ಪ ನೀರು ಬೇಕು ಎಂದ. ಅವನು ತಪ್ಪು ಒಪ್ಪಿಕೊಂಡದ್ದಕ್ಕೆ ನನಗೆ ಹೆಮ್ಮೆಯಾಗಬೇಕಿತ್ತು. ನಿಜ ಹೇಳುತ್ತೇನೆ, ಎದೆ ಒಡೆದಂತಾಯಿತು. ಜೀವಮಾನವಿಡೀ ಒಳ್ಳೆಯ ಕೈ ಎನ್ನಿಸಿಕೊಂಡವನು ಆ ಕೈಯನ್ನೇ ಊರೆದುರು ದೂರುತ್ತಿದ್ದ.

ಮರಳು ತೆಗೆಸಬೇಕು ಎಂದಾಗ ಹಿರಿಯರು ಒಪ್ಪಲಿಲ್ಲ. ಅಜ್ಜ ಮುತ್ತಜ್ಜರ ಹರಕೆಯನ್ನು ಹೇಗೆ ಹೊರಗೆ ಎಸೆಯುವುದು? ನಾನು ನಡುವೆ ಬಾಯಿ ಹಾಕಿದೆ, ಕೊಟ್ಟ ಮನೆಯ ಹೆಣ್ಣುಮಗಳಿಗೆ ಇಲ್ಲೇನು ಕೆಲಸ ಎಂದರು. ಕೊನೆಗೆ ಅಪ್ಪನೇ ದಾರಿ ಹೇಳಿದ. ಹೊಳೆಯಿಂದ ಬಂದದ್ದನ್ನು ಹೊಳೆಗೆ ಕೊಟ್ಟರೆ ಎಸೆದಂತಾಗುವುದಿಲ್ಲ, ಮೊದಲ ಬುಟ್ಟಿ ತನ್ನ ತಲೆಯ ಮೇಲೆ ಇಡಿ ಎಂದ. ಆ ಕಾಲಲ್ಲಿ ಅವನು ನಡೆಯುವುದಾದರೂ ಹೇಗೆ? ಅಣ್ಣ ಅವನ ಬದಲು ಬುಟ್ಟಿ ಹೊತ್ತ. ಆರೋಗ್ಯ ಕೇಂದ್ರದವರು ಮೊದಲು ಬಂದು ಔಷಧ ಹೊಡೆದರು. ಬುಟ್ಟಿ ಹೊರುವವರೆಲ್ಲ ಬೂಟು ಹಾಕಿಯೇ ಒಳಗೆ ಹೋಗಬೇಕು ಎಂದು ಅವರು ಕಡ್ಡಾಯ ಮಾಡಿದ್ದರಿಂದ, ಬೀರಪ್ಪನ ಗುಡಿಯೊಳಗೆ ಮೊದಲ ಸಲ ಬೂಟುಗಾಲು ಬಂತು. ಅಪ್ಪ ಕಟ್ಟೆಯ ಮೇಲಿಂದ ನೋಡುತ್ತ ಕೈ ಮುಗಿದೇ ಕೂತಿದ್ದ. ನುಣುಪಾದ ಫರಸಿ ಕಲ್ಲು ಹಾಸಿ ಸಂದುಗಳಿಗೆ ಸಿಮೆಂಟು ತುಂಬಿದರು. ಕುರಿ, ನಾಯಿಗಳನ್ನು ಬೇಲಿಯಾಚೆ ಇಟ್ಟರು. ಹರಕೆ ತೀರಿದವರು ಈಗ ಮರಳಿನ ಬದಲು ಹೊಳೆಯ ನೀರು ತಂದು ಆ ಕಲ್ಲು ತೊಳೆಯುತ್ತಾರೆ.

ಊರು ಪೂರ್ತಿ ಸುಧಾರಿಸಿದೆ ಎಂದು ಹೇಳಲಾರೆ. ಮಣ್ಣಿನ ನೆಲದ ಮನೆಗಳು ಇನ್ನೂ ಇವೆ. ಬೂಟು ಕಚ್ಚುತ್ತದೆ, ಬೆವರುತ್ತದೆ ಎಂದು ಬಿಚ್ಚಿಡುವವರೂ ಇದ್ದಾರೆ. ಮುಂಗಾರು ಬಂದ ಮೇಲೆ ಹುಳ ಕಡಿಮೆಯಾಗಿದೆ. ಬೇಸಿಗೆಗೆ ಮತ್ತೆ ಏಳುತ್ತದೆಯೋ ಏನೋ ಎಂಬ ಭಯ ನನ್ನನ್ನು ಬಿಟ್ಟಿಲ್ಲ.

ಅಪ್ಪ ಬೂಟು ಹಾಕಲು ಬಹಳ ದಿನ ಒಪ್ಪಲಿಲ್ಲ. ಇಷ್ಟು ವರ್ಷ ಕಾದುಕೊಂಡ ಕಟ್ಟಳೆಯನ್ನು ಒಂದು ಚಿಗಟಕ್ಕೆ ಬಿಡುವುದೇ ಎಂದು ಹಟ ಹಿಡಿದ. ಅವನನ್ನು ಒಪ್ಪಿಸಿದವಳು ವೈನಿ. ನೀವು ಹಾಕದಿದ್ದರೆ ಊರಲ್ಲಿ ಒಬ್ಬರೂ ಹಾಕುವುದಿಲ್ಲ, ಮಾವ, ಎಂದಷ್ಟೇ ಅಂದಳಂತೆ. ಮರುದಿನ ಕರಿ ಬಣ್ಣದ ಕ್ಯಾನ್ವಾಸ್ ಬೂಟು ಹಾಕಿಕೊಂಡು ಗುಡಿಗೆ ಹೊರಟ. ಮೊದಲ ದಿನ ನಾಚಿ, ಊರ ನಡುವಿನ ದಾರಿ ಬಿಟ್ಟು ಹಿಂದಿನ ಓಣಿಯಿಂದ ಹೋದನಂತೆ. ಬಾಗಿಲಲ್ಲಿ ಬಿಚ್ಚಿ, ತೊಳೆದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಪೂಜೆ ಮಾಡುತ್ತಾನೆ.

ದಿನಾ ವೈನಿ ಅವನ ಕಾಲು ನೋಡುತ್ತಾಳೆ. ಭಾನುವಾರ ನಾನು ಮಕ್ತಲದಿಂದ ಬಂದಾಗ ಆ ಕೆಲಸ ನನ್ನದು. ಅದೇ ಕಂಬಕ್ಕೆ ಒರಗಿ ಈಗ ನಾನು ಕೂರುತ್ತೇನೆ, ಅವನು ನನ್ನ ತೊಡೆಯ ಮೇಲೆ ಕಾಲು ಚಾಚುತ್ತಾನೆ. ಕಾಲಿಗೆ ಭಂಡಾರ ಹಾಕುವುದನ್ನು ಅವನೇ ನಿಲ್ಲಿಸಿದ್ದಾನೆ. ನಾನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತೇನೆ, ಕಿರುಬೆರಳಿದ್ದ ಜಾಗದ ಗಾಯದ ಕಲೆಯನ್ನೂ ನೋಡುತ್ತೇನೆ. ಹೋದ ಭಾನುವಾರ ಹಿಮ್ಮಡಿಯ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಮುಳ್ಳೇ ಆಗಿರಲಿ ಬೀರಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪನ ಕಾಲಿಗೆ ಮುಳ್ಳು ಹತ್ತಲಿ ಎಂದು ಬೇಡುವ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಸುತ್ತ ಬಿಳಿಯ ಉಬ್ಬು ಇರಲಿಲ್ಲ. ಜಾಲಿ ಮುಳ್ಳಿನ ತುದಿ ಚರ್ಮದಿಂದ ಕೂದಲೆಳೆಯಷ್ಟು ಹೊರಗಿತ್ತು.

"ಬೂಟು ಎಲ್ಲಿ ಬಿಚ್ಚಿದ್ದಿ?" ಎಂದು ಗದರಿದೆ.

"ಗುಡಿ ಸುತ್ತಾಕ ಹೋದಾಗ," ಎಂದ ತಪ್ಪಿತಸ್ಥನಂತೆ. ಆಮೇಲೆ ಕಾಲನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದ. "ಏನೈತಿ ಹೇಳವ್ವ. ನನಗ ಗೊತ್ತಾಗೂದಿಲ್ಲ."